ನೀರು ಹೋಗಿರಲಿಲ್ಲ, ಮೋಟಾರ್ ಉಲ್ಟಾ ತಿರುಗ್ತಿತ್ತು

ಈ ಸಲದ ಬರಹ ಸ್ವಲ್ಪ ಉದ್ದ ಆಗುತ್ತೆ. ಹೋದ ತಿಂಗಳು ನಮ್ಮ ಟೀಸಿ ಸುಟ್ಟು ಹೊಸದು ಹಾಕಿದ ಮೇಲೆ ಐದು ದಿನ ನಾನು ಪಟ್ಟ ಪಾಡು, ಮಾಡಿದ ತಪ್ಪು, ಆಮೇಲೆ ತಿಳಿದ ವಿಷಯ, ಎಲ್ಲ ಬರೆದಿಡ್ತೀನಿ. ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆ ತೆಂಗು ಅಡಿಕೆ ಇಟ್ಟುಕೊಂಡಿರೋರು ಯಾರಿಗಾದ್ರೂ ನಾಳೆ ಇದೇ ಆಗಬಹುದು.

ದೀಪಾವಳಿ ಕಳೆದು ಎರಡು ವಾರಕ್ಕೆ ನಮ್ಮ ತೋಟದ ಸಾಲಿನ ಟೀಸಿ ಸುಟ್ಟಿತು. ಒಂಬತ್ತು ದಿನ ಕರೆಂಟ್ ಇಲ್ಲ. ಓಡಾಡಿ, ಫೋನ್ ಮಾಡಿ, ಕೊನೆಗೆ ಶನಿವಾರ ಕತ್ತಲಾದ ಮೇಲೆ ಹೊಸ ಟೀಸಿ ತಂದು, ಬ್ಯಾಟರಿ ಬೆಳಕಲ್ಲಿ ಕೂರಿಸಿ ಹೋದರು. ಭಾನುವಾರ ಬೆಳಿಗ್ಗೆ ತ್ರೀ ಫೇಸ್ ಬಂತು. ಸ್ಟಾರ್ಟರ್ ಒತ್ತಿದೆ, ಮೋಟಾರ್ ಎತ್ತಿಕೊಂಡ ಸದ್ದು ಸರಿಯಾಗೇ ಇತ್ತು. ಖುಷಿಯಲ್ಲಿ ಹಸು ಕರೆಯೋಕೆ ಮನೆ ಕಡೆ ಬಂದೆ. ಅರ್ಧ ಗಂಟೆಗೆ ಮನೆಯವಳು ತೋಟದಿಂದ ಫೋನ್ ಮಾಡಿದಳು. "ಏನ್ರೀ, ತೊಟ್ಟಿಗೆ ನೀರು ಬೆರಳು ಗಾತ್ರ ಬೀಳ್ತಾ ಇದೆ. ಇನ್ನೂ ತಳಾನೇ ಮುಚ್ಚಿಲ್ಲ."

ಹೋಗಿ ನೋಡಿದೆ. ಎರಡಿಂಚು ಪೈಪಿನ ಬಾಯಿ ತುಂಬಿ ಎಗರಿ ಬೀಳಬೇಕಾದ ನೀರು, ಪೈಪಿನ ಕೆಳ ತುಟಿ ಹಿಡಿದು ಸೋರಿದಂಗೆ ಬೀಳ್ತಿತ್ತು. ಗಾಳಿ ಹೊಡೀತಿಲ್ಲ, ಬಿಟ್ಟು ಬಿಟ್ಟು ಬರ್ತಿಲ್ಲ, ಕೆಸರಿಲ್ಲ. ತಿಳಿ ನೀರು, ಒಂದೇ ಸಮನೆ, ಆದರೆ ಕಡಿಮೆ.

ನನ್ನದು 7.5 ಎಚ್‌ಪಿ ಪಂಪು, 420 ಅಡಿಗೆ ಇಳಿಸಿದೆ. ಹೋದ ಬರಗಾಲದಲ್ಲಿ ನೀರು ಕೆಳಗೆ ಹೋದಾಗ ಕೊಂಡಿದ್ದು, ಪ್ಲೇಟ್ ಮೇಲೆ ಹೆಡ್ 140 ಮೀಟರ್ ಅಂತ ಇದೆ. ನನಗೊಂದು ಅಭ್ಯಾಸ ಇದೆ. ಪಂಪು ಇಳಿಸಿದ ದಿನ ಮೂರೂ ವೈರಿನ ಆಂಪ್ಸ್, ವೋಲ್ಟೇಜ್, ಮತ್ತೆ 200 ಲೀಟರ್ ಡ್ರಮ್ಮು ತುಂಬೋಕೆ ಎಷ್ಟು ಸೆಕೆಂಡ್ ಅಂತ ಸ್ಟಾರ್ಟರ್ ಡಬ್ಬದ ಬಾಗಿಲ ಒಳಗೆ ಮಾರ್ಕರ್ ಪೆನ್ನಲ್ಲಿ ಬರೆದಿಡ್ತೀನಿ. ವರ್ಷಕ್ಕೆ ಎರಡು ಸಲ ಮತ್ತೆ ನೋಡಿ ಕೆಳಗೆ ಬರೀತೀನಿ. ನಮ್ಮ ಭಾವ ಇದನ್ನ ನೋಡಿ "ಜಾತಕ ಬರ್ಕೊಂಡಿದಾನೆ" ಅಂತ ನಗಾಡ್ತಾನೆ. ಯುಗಾದಿ ಹೊತ್ತಿಗೆ ಬರೆದಿದ್ದು ಹೀಗಿತ್ತು: ಕೆಂಪು 14.2, ಹಳದಿ 14.0, ನೀಲಿ 14.5, ವೋಲ್ಟೇಜ್ 398, ಡ್ರಮ್ಮು 60 ಸೆಕೆಂಡ್.

ಕ್ಲ್ಯಾಂಪ್ ಮೀಟರ್ ತಂದು ಒಂದೊಂದೇ ವೈರಿಗೆ ಹಾಕಿ ನೋಡಿದೆ. ಕೆಂಪು 9.6, ಹಳದಿ 9.8, ನೀಲಿ 9.5. ವೋಲ್ಟೇಜ್ 404. ಡ್ರಮ್ಮು ತುಂಬೋಕೆ 5 ನಿಮಿಷ 40 ಸೆಕೆಂಡ್ ತಗೊಂತು.

ಈ ಅಂಕಿ ಏನು ಹೇಳುತ್ತೆ ಅಂತ ಅಲ್ಲೇ ಬದುವಿನ ಮೇಲೆ ಕೂತು ಯೋಚನೆ ಮಾಡಿದೆ. ಮೂರೂ ವೈರಲ್ಲಿ ಹೆಚ್ಚು ಕಡಿಮೆ ಒಂದೇ ಆಂಪ್ಸ್ ಇದೆ ಅಂದಮೇಲೆ ಒಂದು ಫೇಸ್ ಹೋಗಿಲ್ಲ. ಹೋಗಿದ್ರೆ ಒಂದರಲ್ಲಿ ಸೊನ್ನೆ, ಉಳಿದೆರಡರಲ್ಲಿ ವಿಪರೀತ ತೋರಿಸ್ತಿತ್ತು. ವೈಂಡಿಂಗ್ ಕೆಟ್ಟಿದ್ರೂ ಮೂರು ಹೀಗೆ ಸಮ ಇರೋದಿಲ್ಲ. ಮರಳು ಕಚ್ಚಿ ಪಂಪು ಬಿಗಿಯಾಗಿದ್ರೆ, ಬೇರಿಂಗ್ ಹೋಗಿದ್ರೆ, ಆಂಪ್ಸ್ ಏರಬೇಕಿತ್ತು, ಇಳೀಬಾರದು. ವೋಲ್ಟೇಜ್ ಚೆನ್ನಾಗಿದೆ. ಅಲ್ಲಿಗೆ ಕರೆಂಟ್ ಕಡೆಯಿಂದ ಮೋಟಾರ್ ಆರೋಗ್ಯವಾಗೇ ಇದೆ, ಅದಕ್ಕೆ ಕೆಲಸ ಮಾತ್ರ ಕಡಿಮೆ ಸಿಗ್ತಾ ಇದೆ.

ಎತ್ತಿನ ಗಾಡಿ ಲೆಕ್ಕದಲ್ಲೇ ನೋಡಿ. ಹೇರು ಕಡಿಮೆ ಆದರೆ ಎತ್ತು ಏದುಸಿರು ಬಿಡೋದಿಲ್ಲ. ಬೋರ್ ಪಂಪು ಹೆಚ್ಚು ನೀರು ಎತ್ತಿದಷ್ಟೂ ಹೆಚ್ಚು ಆಂಪ್ಸ್ ಎಳೆಯುತ್ತೆ, ಕಡಿಮೆ ಎತ್ತಿದರೆ ಕಡಿಮೆ. ಏನೂ ಎತ್ತದೆ ಸುಮ್ಮನೆ ತಿರುಗಿದರೂ ಸೊನ್ನೆಗೆ ಬರೋದಿಲ್ಲ, ಮೋಟಾರ್ ತನಗೇ ಅಂತ ಒಂದಷ್ಟು ಎಳ್ಕೊಳ್ಳುತ್ತೆ. ಹಾಗಾಗಿ 14 ರಿಂದ 9.6 ಕ್ಕೆ ಇಳಿದಿದ್ದು ದೊಡ್ಡ ಇಳಿಕೆ. ಪೈಪ್ ಎಲ್ಲೋ ನಡುವೆ ತೂತಾಗಿ ನೀರು ವಾಪಸ್ ಬೋರಿಗೇ ಬೀಳ್ತಿದ್ರೆ ಪಂಪು ತನ್ನ ಪಾಡಿಗೆ ನೀರು ಎತ್ತುತ್ತಲೇ ಇರುತ್ತೆ, ಆಂಪ್ಸ್ ಮೊದಲಿನಷ್ಟೇ ಅಥವಾ ಒಂಚೂರು ಜಾಸ್ತಿನೇ ಇರುತ್ತೆ, ಕೇಸಿಂಗ್ ಬಾಯಿಗೆ ಕಿವಿ ಕೊಟ್ಟರೆ ಒಳಗೆ ನೀರು ಸುರಿಯೋ ಸದ್ದೂ ಕೇಳುತ್ತೆ. ನಾನು ಕಿವಿ ಕೊಟ್ಟೆ. ಸದ್ದಿಲ್ಲ.

ಉಳಿದಿದ್ದು ನಾಕು ಅನುಮಾನ. ಬೋರಲ್ಲಿ ನೀರು ಕಡಿಮೆಯಾಗಿದೆ, ಅಥವಾ ಪಂಪಿನ ಒಳಗಿನ ಇಂಪೆಲ್ಲರ್ ಸವೆದಿದೆ, ಅಥವಾ ಪಂಪಿನ ಜಾಲರಿಗೋ ವಾಲ್‌ಗೋ ಏನೋ ಅಡ್ಡ ಸಿಕ್ಕಿದೆ, ಅಥವಾ ಮೋಟಾರ್ ಉಲ್ಟಾ ತಿರುಗ್ತಿದೆ. ನಾಕರಲ್ಲೂ ಆಂಪ್ಸ್ ಇಳಿಯಬಹುದು. ಮೀಟರ್ ನನ್ನನ್ನ ಇಲ್ಲಿವರೆಗೂ ತಂದು ಬಿಟ್ಟಿತು, ಮುಂದಕ್ಕೆ ಅದು ಹೇಳೋದಿಲ್ಲ.

ಸೋಮವಾರ ಮೆಕ್ಯಾನಿಕ್ ಬಂದ. ಒಳ್ಳೆ ಕೆಲಸಗಾರ, ಸುಳ್ಳು ಹೇಳೋನಲ್ಲ. ಮೀಟರ್ ನೋಡಿ, "ಅಣ್ಣ, ಇಂಪೆಲ್ಲರ್ ತಿಂದಿದೆ, ಎತ್ತಿಬಿಡಣ" ಅಂದ. ಎತ್ತಿ ಇಳಿಸೋಕೆ 7 ಸಾವಿರ, ಸಾಮಾನು ಬೇರೆ. ಭಾವ ಬಂದವನು ಇನ್ನೊಂದು ರಾಗ ಎತ್ತಿದ. "ನೀರೇ ಹೋಗೈತೆ ಕಣೋ. ಸುಮ್ನೆ ಎತ್ತಿ ಇಳಿಸಿ ದುಡ್ಡು ಹಾಳ್ ಮಾಡಬೇಡ. ದೊಡ್ಡಪ್ಪನ ಬೋರ್ ಪೂರ್ತಿ ನಿಂತು ಹೋಗೈತಂತೆ, ಮೇಲಿನ ತೋಟದೋರದೂ ಅಷ್ಟೇ. ಎಲ್ಲರದ್ದೂ ಒಟ್ಟಿಗೆ ಹೋಯ್ತು ಅಂದ್ರೆ ಭೂಮಿಲೇ ಇಲ್ಲ. ಗಾಡಿ ಬರುತ್ತೆ ಶುಕ್ರವಾರ, ಒಂದೇ ಸಲಕ್ಕೆ ನಿಂದೂ ಒಂದು ಹೊಡಿಸ್ಕೊ."

ಹೊಸ ಬೋರ್ ಅಂದರೆ ಏನು ಅಂತ ಈ ಪುಟ ಓದೋರಿಗೆ ನಾನು ಹೇಳಬೇಕಾಗಿಲ್ಲ. ಲಕ್ಷ ದಾಟುತ್ತೆ, ನೀರು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಗಳ ಕಾಲೇಜಿನ ಫೀಸ್ ಕಟ್ಟಿ ಹದಿನೈದು ದಿನ ಆಗಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಅವತ್ತು ರಾತ್ರಿ ಊಟ ಮಾಡ್ತಾ ಮನೆಯವಳು ಕೇಳದೇನೇ "ಸರ ಬೇಕಾದ್ರೆ ಇಡಿ, ತೋಟ ಒಣಗಿಸೋಕಾಗಲ್ಲ" ಅಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆದರೆ ಒಂದು ವಿಷಯ ಒಪ್ಪಿಗೆ ಆಗ್ತಿರಲಿಲ್ಲ. ಈ ವರ್ಷ ಹಿಂಗಾರು ಚೆನ್ನಾಗಿ ಹಿಡಿದಿದೆ, ಕಟ್ಟೆಗೆ ನೀರು ಬಂದಿದೆ. ಅದರ ಮೇಲೆ ಒಂಬತ್ತು ದಿನ ಯಾರೂ ಮೋಟಾರ್ ಹಾಕಿಲ್ಲ. ಸುತ್ತಮುತ್ತ ಎಲ್ಲ ಬೋರೂ ಒಂಬತ್ತು ದಿನ ಸುಧಾರಿಸ್ಕೊಂಡಿವೆ. ಹಂಗಿದ್ದ ಮೇಲೆ ಮೊದಲನೇ ದಿನ, ಮೊದಲನೇ ಗಂಟೆ, ನೀರು ಜಾಸ್ತಿ ಬರಬೇಕೋ ಕಡಿಮೆ ಬರಬೇಕೋ? ಬೋರಲ್ಲಿ ನೀರು ಕಡಿಮೆ ಇದ್ರೆ ಶುರುವಲ್ಲಿ ಚೆನ್ನಾಗಿ ಬಂದು ಆಮೇಲೆ ಇಳಿಯುತ್ತೆ, ಗಾಳಿ ಹೊಡೆಯುತ್ತೆ, ಆಂಪ್ಸ್ ಮುಳ್ಳು ಕುಣಿಯುತ್ತೆ. ನನ್ನದು ಮೊದಲನೇ ನಿಮಿಷದಿಂದಲೂ ಅದೇ ಸಣ್ಣ ಧಾರೆ, ಮೀಟರ್ ಅಲ್ಲಾಡ್ತಿಲ್ಲ.

ಉಲ್ಟಾ ತಿರುಗ್ತಿದೆಯೇನೋ ಅಂತ ಮಂಗಳವಾರ ಬೆಳಿಗ್ಗೆ ಹೊಳೆಯಿತು. ಹೊಸ ಟೀಸಿ ಕೂರಿಸೋವಾಗ ವೈರ್ ಅದಲು ಬದಲಾಗಿರಬಹುದು. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಟೆಸ್ಟರ್ ಹಾಕಿ ನೋಡಿ, ಸ್ಟಾರ್ಟರ್‌ಗೆ ಬರೋ ವೈರ್ ಬಿಚ್ಚಿ ಬದಲಾಯಿಸಿದೆ. ಕೆಂಪು ಇದ್ದ ಕಡೆ ಹಳದಿ, ಹಳದಿ ಇದ್ದ ಕಡೆ ನೀಲಿ, ನೀಲಿ ಇದ್ದ ಕಡೆ ಕೆಂಪು. ಮೂರನ್ನೂ ಬದಲಾಯಿಸಿದೆ ಅಂತ ಸಮಾಧಾನ. ಮೋಟಾರ್ ಹಾಕಿದರೆ ಅದೇ ಬೆರಳು ಗಾತ್ರದ ನೀರು. ಅದೇ 9.6. ಸರಿ, ಉಲ್ಟಾ ಅಲ್ಲ, ಮೆಕ್ಯಾನಿಕ್ ಹೇಳಿದ್ದೇ ನಿಜ ಅಂತ ಗಾಡಿಯೋನಿಗೆ ಫೋನ್ ಮಾಡಿ ಗುರುವಾರ ಬಾ ಅಂದೆ.

ನನ್ನ ತಪ್ಪು ಇದೇ. ನನಗೆ ಗೊತ್ತಾಗೋಕೆ ಇನ್ನೂ ಒಂದು ದಿನ ಹಿಡಿಯಿತು.

ಬುಧವಾರ ಎರಡು ಕೆಲಸ ಆಯ್ತು. ನನ್ನ ಬೋರಿಂದ ನೂರಡಿ ದೂರದಲ್ಲಿ ಅಪ್ಪನ ಕಾಲದ ಹಳೇ ಬೋರ್ ಇದೆ, ಮೋಟಾರ್ ಇಲ್ಲ, ಮೇಲೆ ಮುಚ್ಚಳ ಬೋಲ್ಟ್ ಹಾಕಿ ಬಿಗಿದಿದೀವಿ. ಅದನ್ನ ಬಿಚ್ಚಿ, ದಾರಕ್ಕೆ ಒಂದು ಬೋಲ್ಟ್ ಕಟ್ಟಿ ಇಳಿಬಿಟ್ಟೆ. ಎಳೆದು ಅಳೆದರೆ 160 ಅಡಿಗೇ ದಾರ ಒದ್ದೆ. ಎರಡೂ ಬೋರ್ ಒಂದೇ ಸೆಲೆಯವು ಅಂತ ಹಿಂದಿಂದ ಗೊತ್ತು, ಒಂದರಲ್ಲಿ ಇಳಿದರೆ ಇನ್ನೊಂದರಲ್ಲೂ ಇಳಿಯುತ್ತೆ. ಪಂಪು ಇರೋದು 420 ರಲ್ಲಿ, ನೀರು ನಿಂತಿರೋದು 160 ರಲ್ಲಿ. ಬರಗಾಲದಲ್ಲಿ ಇದೇ ದಾರ 350 ತನಕ ಒಣಗೇ ಬಂದಿತ್ತು. ನೀರು ಹೋಗಿದೆ ಅನ್ನೋ ಮಾತು ಅಲ್ಲಿಗೆ ಮುಗೀತು. ಮುಚ್ಚಳ ಮತ್ತೆ ಬಿಗಿದೆ.

ಇನ್ನೊಂದು, ಸಾಯಂಕಾಲ ಮೇಲಿನ ತೋಟದ ಅಣ್ಣ ಸಿಕ್ಕಿದ. ಅವನ ಬೋರ್ಡಲ್ಲಿ ಫೇಸ್ ನೋಡೋ ಒಂದು ಪೆಟ್ಟಿಗೆ ಇದೆ, ಫೇಸ್ ಹೋದರೆ ಮೋಟಾರ್ ಹಾಕೋಕೆ ಬಿಡೋದಿಲ್ಲ. "ಭಾನುವಾರದಿಂದ ಅದರಲ್ಲಿ ಕೆಂಪು ಲೈಟ್ ಹತ್ಕೊಂಡು ಮೋಟಾರ್ ಸ್ಟಾರ್ಟೇ ಆಗ್ತಿರಲಿಲ್ಲ ಕಣಪ್ಪ. ಪೆಟ್ಟಿಗೆ ಕೆಟ್ಟಿದೆ ಅಂತ ಮೆಕ್ಯಾನಿಕ್ ಡೈರೆಕ್ಟ್ ಮಾಡಿ ಕೊಟ್ಟ. ಈಗ ಮೋಟಾರ್ ಓಡ್ತದೆ, ನೀರು ಮಾತ್ರ ಕಾಲು ಭಾಗ ಬರ್ತದೆ" ಅಂದ. ಪೆಟ್ಟಿಗೆ ಮೇಲೆ ಏನು ಬರೆದಿದೆ ಅಂದೆ. ಫೋಟೋ ತೋರಿಸಿದ. ಹತ್ತಿಕೊಂಡಿದ್ದ ಲೈಟಿನ ಪಕ್ಕ ಇಂಗ್ಲಿಷಲ್ಲಿ ಫೇಸ್ ರಿವರ್ಸ್ ಅಂತಿತ್ತು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಅದು ನಾಕು ದಿನದಿಂದ ನಿಜ ಹೇಳ್ತಾನೇ ಇತ್ತು, ನಾವು ಅದರ ಬಾಯಿ ಮುಚ್ಚಿಸಿದ್ವಿ.

ಹಂಗಾದ್ರೆ ನಾನು ವೈರ್ ಬದಲಾಯಿಸಿದಾಗ ಯಾಕೆ ಸರಿ ಹೋಗಲಿಲ್ಲ? ರಾತ್ರಿ ಕಾಗದ ತಗೊಂಡು ಬರೆದು ನೋಡಿದೆ. ಮೂರು ಮಕ್ಕಳು ಒಂದು ಕಂಬದ ಸುತ್ತ ಕೈ ಹಿಡ್ಕೊಂಡು ನಿಂತಿದಾರೆ ಅನ್ಕೊಳ್ಳಿ. ಕೆಂಪಂಗಿ, ಅವನ ಬಲಕ್ಕೆ ಹಳದಿ ಅಂಗಿ, ಅವನ ಬಲಕ್ಕೆ ನೀಲಿ ಅಂಗಿ. ಮೂರು ಜನಾನೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಜರುಗಿದರೆ ನಿಂತ ಜಾಗ ಬದಲಾಯ್ತು, ಆದರೆ ಕೆಂಪಿನ ಬಲಕ್ಕೆ ಈಗಲೂ ಹಳದಿನೇ, ಹಳದಿಯ ಬಲಕ್ಕೆ ನೀಲಿನೇ. ಸುತ್ತೋ ಕ್ರಮ ಅದೇ. ನಾನು ಮಾಡಿದ್ದು ಅದನ್ನೇ. ಒಬ್ಬನನ್ನ ಇದ್ದಲ್ಲೇ ಬಿಟ್ಟು ಉಳಿದ ಇಬ್ಬರು ಜಾಗ ಅದಲು ಬದಲು ಮಾಡ್ಕೊಂಡರೆ ಮಾತ್ರ ಕೆಂಪಿನ ಬಲಕ್ಕೆ ನೀಲಿ ಬರ್ತಾನೆ, ಕ್ರಮ ತಿರುಗುತ್ತೆ. ಮೋಟಾರ್ ಯಾವ ಕಡೆ ತಿರುಗಬೇಕು ಅಂತ ತೀರ್ಮಾನ ಮಾಡೋದು ಈ ಕ್ರಮ, ಯಾವ ಬಣ್ಣ ಯಾವ ಜಾಗದಲ್ಲಿದೆ ಅನ್ನೋದಲ್ಲ. ಎರಡನ್ನ ಬದಲಾಯಿಸಿದರೆ ಉಲ್ಟಾ, ಮೂರನ್ನೂ ಒಂದೊಂದು ಮನೆ ಸರಿಸಿದರೆ ಏನೂ ಇಲ್ಲ. ಮೂವತ್ತು ವರ್ಷದಿಂದ ಮೋಟಾರ್ ಇಟ್ಕೊಂಡಿರೋ ನನಗೆ ಇದು ಸರಿಯಾಗಿ ಗೊತ್ತಿರಲಿಲ್ಲ ಅನ್ನೋದೇ ನಾಚಿಕೆ.

ಗುರುವಾರ ಬೆಳಿಗ್ಗೆ ಎತ್ತೋ ಗಾಡಿಯೋನಿಗೆ ಒಂದು ಗಂಟೆ ತಡೆದು ಬಾ ಅಂದೆ. ಮತ್ತೆ ಮೇನ್ ಆಫ್, ಫ್ಯೂಸ್ ಕೈಲಿ, ಟೆಸ್ಟರ್ ಹಾಕಿ ಸತ್ತಿದೆ ಅಂತ ಖಾತ್ರಿ. ಈ ಸಲ ಹಳದಿ ನೀಲಿ ಎರಡನ್ನ ಮಾತ್ರ ಅದಲು ಬದಲು ಮಾಡಿದೆ, ಕೆಂಪು ಮುಟ್ಟಲಿಲ್ಲ. ಬದಲಾಯಿಸಿದ್ದು ಸ್ಟಾರ್ಟರ್‌ಗೆ ಒಳಬರೋ ಕಡೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇರೋರು ಮೋಟಾರ್ ಕಡೆಯ ಆರು ವೈರಿಗೆ ಕೈ ಹಾಕಲೇಬೇಡಿ, ಅಲ್ಲಿ ಒಂದು ಹೆಚ್ಚು ಕಡಿಮೆ ಆದರೆ ಮೋಟಾರೇ ಸುಡುತ್ತೆ. ಇನ್ನೊಂದು, ಮೋಟಾರ್ ನಿಲ್ಲಿಸಿದ ತಕ್ಷಣ ಮತ್ತೆ ಹಾಕಬಾರದು. ಪೈಪಲ್ಲಿ ವಾಲ್ ಇಲ್ಲದಿದ್ರೆ ಅಥವಾ ಸವೆದಿದ್ರೆ ಮೇಲಿನ ನೀರೆಲ್ಲ ವಾಪಸ್ ಇಳೀತಾ ಪಂಪನ್ನ ತಿರುಗಿಸ್ತಿರುತ್ತೆ, ಆಗ ಎದುರಿಂದ ಹೊಡೆತ ಬಿದ್ದರೆ ಶಾಫ್ಟ್ ಮುರಿಯುತ್ತೆ. ನಾನು ಹತ್ತು ನಿಮಿಷ ಬೀಡಿ ಸೇದಿಕೊಂಡು ಕೂತೆ.

ಬಟನ್ ಒತ್ತಿದೆ. ಮೋಟಾರ್ ಸದ್ದಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ನಾನೂರಡಿ ಕೆಳಗಿನ ಸದ್ದು ಯಾರಿಗೆ ಗೊತ್ತಾಗುತ್ತೆ. ಆದರೆ ಸ್ವಲ್ಪ ಹೊತ್ತಿಗೆ ಮೇಲಿನ ಪೈಪು ಒಂದು ಸಲ ಜಗ್ಗಿತು, ಗಾಳಿ ಉಸ್ ಅಂತು, ಆಮೇಲೆ ಬಾಯಿ ತುಂಬ ನೀರು ಹಾರಿ ತೊಟ್ಟಿ ಆಚೆ ಗೋಡೆಗೆ ಹೊಡೀತು. ಮೀಟರ್ ಹಾಕಿದರೆ 14.3, 14.1, 14.5. ಡ್ರಮ್ಮು 62 ಸೆಕೆಂಡ್. ಮನೆಯವಳು ಕಾಲುವೆ ತಿರುಗಿಸೋಕೆ ಗುದ್ದಲಿ ತಗೊಂಡು ಓಡಿದಳು, ಮಾತೂ ಆಡಲಿಲ್ಲ.

ಉಲ್ಟಾ ತಿರುಗಿದ್ರೆ ನೀರು ಕೆಳಕ್ಕೆ ಹೋಗಬೇಕಲ್ವ, ಮೇಲಕ್ಕೆ ಹೆಂಗೆ ಬರುತ್ತೆ ಅಂತ ಭಾವ ಕೇಳಿದ. ಸುಮಾರು ಜನಕ್ಕೆ ಈ ಅನುಮಾನ ಇದೆ, ಅದಕ್ಕೇ ಸಣ್ಣ ಧಾರೆ ಬರ್ತಿದ್ರೆ ಉಲ್ಟಾ ಇರೋಕೆ ಸಾಧ್ಯ ಇಲ್ಲ ಅನ್ಕೊಳ್ತೀವಿ. ಟೇಬಲ್ ಫ್ಯಾನ್ ಉಲ್ಟಾ ತಿರುಗಿದ್ರೆ ಗಾಳಿ ಹಿಂದಕ್ಕೆ ಹೋಗುತ್ತೆ, ನಿಜ. ನಮ್ಮ ಬೋರ್ ಪಂಪು ಫ್ಯಾನ್ ಥರ ಅಲ್ಲ. ಮಳೇಲಿ ನೆನೆದ ಛತ್ರಿ ತಿರುಗಿಸಿ ನೋಡಿ, ಬಲಕ್ಕೆ ತಿರುಗಿಸಿದ್ರೂ ಎಡಕ್ಕೆ ತಿರುಗಿಸಿದ್ರೂ ಹನಿ ಹೊರಕ್ಕೇ ಹಾರುತ್ತೆ. ಇಂಪೆಲ್ಲರ್ ಮಾಡೋದೂ ಅದನ್ನೇ, ನಡುವಿನಿಂದ ನೀರು ತಗೊಂಡು ಸುತ್ತಿಸಿ ಅಂಚಿಗೆ ಎಸೆಯುತ್ತೆ. ಎಸೆದ ನೀರನ್ನ ಹಿಡಿದು ಮೇಲಿನ ಇಂಪೆಲ್ಲರ್‌ಗೆ ಕಳಿಸೋಕೆ ಸುತ್ತ ಬಟ್ಟಲು ಇರುತ್ತೆ. ಇಂಪೆಲ್ಲರ್ ರೆಕ್ಕೆಯ ಬಾಗು, ಬಟ್ಟಲಿನ ದಾರಿ, ಎರಡೂ ಒಂದೇ ದಿಕ್ಕಿಗೆ ಮಾಡಿರೋದು. ಉಲ್ಟಾ ತಿರುಗಿದಾಗ ನೀರು ಹೊರಕ್ಕೇನೋ ಹಾರುತ್ತೆ, ಆದರೆ ಬಟ್ಟಲಿನ ದಾರಿಗೆ ಎದುರಾಗಿ ಬಡಿದು ಜೋರು ಕಳ್ಕೊಳ್ಳುತ್ತೆ. ಹೀಗೆ ಒಂದೊಂದು ಮೆಟ್ಟಲಲ್ಲೂ ಕಳ್ಕೊಂಡು ಕೊನೆಗೆ ಪಂಪಿನ ತಾಕತ್ತು ಸುಮಾರು ಅರ್ಧದ ಆಸುಪಾಸಿಗೆ ಬಂದು ನಿಲ್ಲುತ್ತೆ, ಪಂಪಿನ ಮೇಲೆ ಹೆಚ್ಚು ಕಡಿಮೆ.

ಅರ್ಧ ಅಂದರೆ ನೀರಿನ ಅರ್ಧ ಅಲ್ಲ, ಎತ್ತೋ ಎತ್ತರದಲ್ಲಿ ಅರ್ಧ. ಕೇಳಿ, ಎಲ್ಲರೂ ಮೋಸ ಹೋಗೋದು ಇಲ್ಲೇ. ನನ್ನ ಪಂಪು 140 ಮೀಟರ್, ಅಂದ್ರೆ 460 ಅಡಿ ಎತ್ತೋದು. ಉಲ್ಟಾದಲ್ಲಿ ಒಂದು 230 ಅಡಿ ಎತ್ತುತ್ತೆ ಅನ್ಕೊಳ್ಳಿ. ಈ ವರ್ಷ ನೀರು 160 ಅಡಿಯಲ್ಲೇ ಸಿಕ್ಕಿದ್ದರಿಂದ ಹೆಂಗೋ ಒಂದು ಸಣ್ಣ ಧಾರೆ ಮೇಲೆ ಬಂತು. ಇದೇ ತಪ್ಪು ಬರಗಾಲದಲ್ಲಿ, ನೀರು 350 ರಲ್ಲಿದ್ದಾಗ ಆಗಿದ್ರೆ ಒಂದು ತೊಟ್ಟೂ ಬರ್ತಿರಲಿಲ್ಲ. ನಾನೂ ಬೋರ್ ಬತ್ತಿತು ಅಂತ ನಂಬಿ ಸರ ಇಟ್ಟಿರ್ತಿದ್ದೆ.

ದೊಡ್ಡಪ್ಪಂಗೆ ಆಗಿದ್ದು ಅದೇ. ಅವರ ಬೋರ್ ದಿಣ್ಣೆ ಮೇಲಿದೆ, ಅಲ್ಲಿ ನೀರು ಸಿಗೋದೇ 270 ಅಡಿಗೆ. 5 ಎಚ್‌ಪಿ ಪಂಪು. ಭಾನುವಾರದಿಂದ ಮೋಟಾರ್ ಓಡುತ್ತೆ, ನೀರು ಸೊನ್ನೆ. ಅವರು ನನ್ನಂಗೆ ಕೂತು ಯೋಚನೆ ಮಾಡೋ ಜನ ಅಲ್ಲ, ಸೋಮವಾರವೇ ಎತ್ತಿಸಿದರು. ಇಂಪೆಲ್ಲರ್ ಎಲ್ಲ ಬದಲಾಯಿಸಿ ಮಂಗಳವಾರ ಸಾಯಂಕಾಲ ಇಳಿಸಿದರು, ಎಲ್ಲ ಸೇರಿ 18 ಸಾವಿರ. ಮತ್ತೆ ನೀರಿಲ್ಲ. ಅಲ್ಲಿಗೆ ಭೂಮಿಲೇ ಇಲ್ಲ ಅಂತ ತೀರ್ಮಾನ ಆಗಿ, ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿಸಿ, ಶುಕ್ರವಾರಕ್ಕೆ ಬೋರ್ ಲಾರಿಗೆ 5 ಸಾವಿರ ಮುಂಗಡ ಕೊಟ್ಟು ಕೂತಿದ್ರು.

ಗುರುವಾರ ಮಧ್ಯಾಹ್ನ ಊಟಾನೂ ಮಾಡದೆ ಅವರ ತೋಟಕ್ಕೆ ಹೋದೆ. ಬೇಲಿ ಪಕ್ಕ ಬಿಚ್ಚಿ ಎಸೆದ ಹಳೇ ಇಂಪೆಲ್ಲರ್ ಬಿದ್ದಿದ್ವು. ಒಂದು ಕೈಲಿ ತಗೊಂಡು ಅಂಚು ಸವರಿದೆ. ಸವೆತ ಇಲ್ಲ, ಚೆನ್ನಾಗೇ ಇದ್ವು. ಏನೂ ಹೇಳಲಿಲ್ಲ. "ದೊಡ್ಡಪ್ಪ, ಒಂದ್ಸಲ ನಾನು ನೋಡ್ಲಾ" ಅಂದೆ. "ಏನ್ ನೋಡ್ತೀಯ ಮಗಾ, ನೀರಿದ್ರಲ್ವ ನೋಡೋದು" ಅಂದರು. ಮೀಟರ್ ಹಾಕಿದೆ, 6.1. ಎರಡು ವೈರ್ ಬದಲಾಯಿಸಿದೆ, ಕಾದೆ, ಹಾಕಿದೆ. ಆ ಪೈಪು ತುಂಬಿ ಬರೋಕೆ ಸ್ವಲ್ಪ ಹೊತ್ತಾಯ್ತು, ಆ ಹೊತ್ತು ಇಬ್ಬರೂ ಮಾತಾಡಲಿಲ್ಲ. ನೀರು ಬಂತು. 10.4 ಆಂಪ್ಸ್. ದೊಡ್ಡಪ್ಪ ಪೈಪಿಗೆ ಕೈ ಒಡ್ಡಿ ಮುಖ ತೊಳ್ಕೊಂಡು, ಬೇಲಿ ಕಡೆ ಒಂದ್ಸಲ ನೋಡಿ, "ಹದಿನೆಂಟು ಸಾವ್ರ ಕಣ್ಲಾ" ಅಂದರು ಅಷ್ಟೇ.

ಅವರಿಗೆ ಇನ್ನೊಂದು ಅದೃಷ್ಟ ಇತ್ತು. ಬೋರ್ ಮೋಟಾರ್ ತಣ್ಣಗಿರೋದು ಅದರ ಮೈ ಸವರಿಕೊಂಡು ಮೇಲೆ ಹೋಗೋ ನೀರಿನಿಂದ. ನೀರು ಎತ್ತದೆ ತಿರುಗ್ತಿದ್ರೆ ಸುತ್ತಲಿನ ನೀರು ನಿಂತಲ್ಲೇ ಬಿಸಿಯಾಗ್ತಾ ಹೋಗುತ್ತೆ. ಆಂಪ್ಸ್ ಕಡಿಮೆ ಇದೆಯಲ್ಲ, ಮೋಟಾರ್‌ಗೆ ಆರಾಮ ಅನ್ಕೊಂಡು ನೀರು ಬರಲಿ ಅಂತ ದಿನಗಟ್ಟಲೆ ಓಡಿಸಿದರೆ ಸುಟ್ಟೇ ಹೋಗುತ್ತೆ. ಅವರು ಅರ್ಧ ಗಂಟೆಗೆ ಬೇಜಾರಾಗಿ ಆಫ್ ಮಾಡ್ತಿದ್ರು, ಅದೇ ಉಳಿಸಿದ್ದು.

ಮೇಲಿನ ತೋಟದ ಅಣ್ಣನ ಪಂಪಲ್ಲಿ ಮಾತ್ರ ಒಂದು ವಿಚಿತ್ರ ನೋಡಿದೆ. ಉಲ್ಟಾ ಇದ್ದಾಗ ಅವನದು 11.8 ಆಂಪ್ಸ್, ಸರಿ ಮಾಡಿದ ಮೇಲೆ 12.4. ಅರ್ಧ ಆಂಪಿಗಿಂತ ಚೂರು ಜಾಸ್ತಿ ವ್ಯತ್ಯಾಸ ಅಷ್ಟೇ, ಆದರೆ ನೀರು ಕಾಲು ಭಾಗದಿಂದ ಪೂರ್ತಿಗೆ ಬಂತು. ಪಂಪು ಬೇರೆ ಮಾದರಿಯದಾದರೆ, ನೀರಿನ ಮಟ್ಟ ಬೇರೆ ಇದ್ದರೆ, ಉಲ್ಟಾದಲ್ಲಿ ಆಂಪ್ಸ್ ಇಳೀಬಹುದು, ಹೆಚ್ಚು ಕಡಿಮೆ ಅಷ್ಟೇ ಇರಬಹುದು, ಕೆಲವು ಸಲ ಏರಲೂಬಹುದು. ಹಾಗಾಗಿ ಆಂಪ್ಸ್ ಅನುಮಾನ ಹುಟ್ಟಿಸುತ್ತೆ, ತೀರ್ಪು ಕೊಡೋದು ಡ್ರಮ್ಮು. ಎರಡು ದಿಕ್ಕಲ್ಲೂ ಓಡಿಸಿ ಡ್ರಮ್ಮು ಹಿಡಿಯೋದು, ಯಾವುದರಲ್ಲಿ ನೀರು ಜಾಸ್ತಿಯೋ ಅದೇ ಸರಿ ದಿಕ್ಕು. ಬದಲಾಯಿಸಿದ ಮೇಲೆ ನೀರು ಇನ್ನೂ ಕಡಿಮೆ ಆದರೆ ಮೊದಲಿದ್ದಂಗೇ ವಾಪಸ್ ಹಾಕಿ, ಆಗ ಎತ್ತಿಸೋ ಮಾತಾಡಿ.

ಆ ಫೇಸ್ ಪೆಟ್ಟಿಗೆಯನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಅದು ನೋಡೋದು ಬೋರ್ಡಿಗೆ ಬರೋ ಕರೆಂಟನ್ನ ಮಾತ್ರ. ಮೋಟಾರ್ ಎತ್ತಿ ಇಳಿಸೋವಾಗ ಕೇಬಲ್ ಜಾಯಿಂಟಲ್ಲಿ ಎರಡು ಬಣ್ಣ ಅದಲು ಬದಲಾದರೆ ಪೆಟ್ಟಿಗೆ ಹಸಿರು ತೋರಿಸುತ್ತೆ, ಕೆಳಗೆ ಮೋಟಾರ್ ಉಲ್ಟಾ ತಿರುಗ್ತಿರುತ್ತೆ. ಎತ್ತಿ ಇಳಿಸಿದ ದಿನ ಕೆಲಸಗಾರರು ಹೋಗೋಕೆ ಮುಂಚೆ ಎರಡೂ ದಿಕ್ಕು ನೋಡಿಕೊಳ್ಳೋದು ಅದಕ್ಕೇ. ಸಿಂಗಲ್ ಫೇಸ್ ಮೋಟಾರ್ ಇರೋರಿಗೆ ಟೀಸಿ ಬದಲಾದ್ರೆ ಈ ತೊಂದರೆ ಬರೋದಿಲ್ಲ. ಸೋಲಾರ್ ಪಂಪಿನೋರಿಗೂ ಬರೋದಿಲ್ಲ. ನಮ್ಮ ಸಾಲಲ್ಲಿ ಒಬ್ಬರ ಸೋಲಾರ್ ಪಂಪು ಆ ವಾರ ಪೂರ್ತಿ ತುಂಬು ನೀರು ಕೊಡ್ತಿತ್ತು. ಭೂಮಿಲೇ ನೀರಿಲ್ಲ ಅಂತ ಮಾತಾಡ್ಕೊಂಡು ನಾವೆಲ್ಲ ಅವರ ತೋಟದ ಪಕ್ಕದಲ್ಲೇ ಓಡಾಡ್ತಿದ್ವಿ, ಯಾರ ತಲೆಗೂ ಹೋಗಲಿಲ್ಲ.

ಆ ಟೀಸಿ ಮೇಲೆ ಒಟ್ಟು ಒಂಬತ್ತು ತ್ರೀ ಫೇಸ್ ಮೋಟಾರ್. ಗುರುವಾರ ಶುಕ್ರವಾರ ಸೇರಿ ಎಲ್ಲರ ಬೋರ್ಡಲ್ಲೂ ಬದಲಾಯಿಸಿದ್ದಾಯ್ತು. ಟೀಸಿ ಹತ್ತಿರವೇ ಒಂದು ಸಲ ಎರಡು ವೈರ್ ಬದಲಾಯಿಸಿದ್ರೆ ಎಲ್ಲರದ್ದೂ ಒಟ್ಟಿಗೆ ಸರಿ ಹೋಗ್ತಿತ್ತು ಅಂತ ಲೈನ್‌ಮನ್ ಆಮೇಲೆ ಹೇಳಿದ. ನಿಜ, ಆದರೆ ಅಷ್ಟೊತ್ತಿಗೆ ಎಲ್ಲರದ್ದೂ ಬೋರ್ಡಲ್ಲೇ ಬದಲಾಗಿತ್ತು, ಈಗ ಟೀಸಿಯಲ್ಲಿ ಮುಟ್ಟಿದರೆ ಒಂಬತ್ತೂ ಮತ್ತೆ ಉಲ್ಟಾ. ಹಾಗಾಗಿ ಟೀಸಿ ಕಂಬಕ್ಕೆ ಒಂದು ತಗಡು ಕಟ್ಟಿದೀವಿ: "ಇಲ್ಲಿ ವೈರ್ ಬದಲಾಯಿಸಿದರೆ ದಯವಿಟ್ಟು ರೈತರಿಗೆ ತಿಳಿಸಿ" ಅಂತ, ಕೆಳಗೆ ಎರಡು ಫೋನ್ ನಂಬರ್. ರಾತ್ರಿ ಬ್ಯಾಟರಿ ಹಿಡ್ಕೊಂಡು ಕೆಲಸ ಮಾಡೋರನ್ನ ಬೈದು ಏನು ಬಂತು, ಆದರೆ ಹೋಗೋ ಮುಂಚೆ ಒಂದು ಮೋಟಾರ್ ಹಾಕಿಸಿ ನೀರು ನೋಡಿ ಹೋಗಿದ್ರೆ ದೊಡ್ಡಪ್ಪನ ದುಡ್ಡು ಉಳೀತಿತ್ತು.

ಬೋರ್ ಲಾರಿಯೋನು ಮುಂಗಡ ವಾಪಸ್ ಕೊಡಲ್ಲ, ಬೇಸಿಗೆಗೆ ಬೇಕಾದ್ರೆ ಹೊಡೆದುಕೊಡ್ತೀನಿ ಅಂತಿದಾನೆ. ಭಾವ ಮೊನ್ನೆ ತನ್ನ ಸ್ಟಾರ್ಟರ್ ಡಬ್ಬ ತೆಗೆದು, ಮೀಟರ್ ಒಂದಿನದ ಮಟ್ಟಿಗೆ ಕೊಡು, ಮಾರ್ಕರ್ ಪೆನ್ನೂ ಕೊಡು ಅಂತ ಇಸ್ಕೊಂಡು ಹೋಗಿದಾನೆ. ಎರಡೂ ಇನ್ನೂ ವಾಪಸ್ ಬಂದಿಲ್ಲ.